ಸಮುದ್ರಮಥನವನ್ನು 3 ನಿಮಿಷಕ್ಕೆ ಇಳಿಸುವಾಗ

ಹಾಸನದ ಅನಿಮೇಷನ್ ಗೆಳೆಯರೇ, ಹಗ್ಗದೆಳೆತವನ್ನೇ ಗಡಿಯಾರ ಮಾಡಿಕೊಳ್ಳಿ. ದೇವತೆಗಳು ವಾಸುಕಿಯನ್ನು 1 ಸೆಕೆಂಡ್ ಎಳೆಯಲಿ, ಅಸುರರು 1 ಸೆಕೆಂಡ್. ಸೆಕೆಂಡಿಗೆ 12 ಚಿತ್ರದಂತೆ 24 ಚಿತ್ರಗಳ ಒಂದೇ ಲೂಪ್ ಸಾಕು. ಎರಡು ಸುತ್ತಿಗೊಮ್ಮೆ ಕಾಮಧೇನು, ಐರಾವತ, ಲಕ್ಷ್ಮಿ ಹೀಗೆ ಒಬ್ಬೊಬ್ಬರು ಮೇಲೇಳಲಿ. ಕಥೆ ಎಲ್ಲರಿಗೂ ಗೊತ್ತು, ವಿವರಣೆ ಬೇಡ. ಹಳೇಬೀಡಿನ ಗೋಡೆಯಲ್ಲೂ ಪ್ರಸಂಗಗಳು ಹೀಗೇ ಸಾಲಾಗಿ ಸಾಗುತ್ತವಲ್ಲ! ಹಾಲಾಹಲ ಬಂದಾಗ ಮಾತ್ರ ಲೂಪನ್ನೂ ಸದ್ದನ್ನೂ ಪೂರ್ತಿ ನಿಲ್ಲಿಸಿ, ಶಿವನಿಗೆ 40 ಸೆಕೆಂಡ್ ಕೊಡಿ. ಲಯಕ್ಕೆ ಒಗ್ಗಿದ ಕಣ್ಣಿಗೆ ಆ ನಿಲುಗಡೆಯೇ ವಿಷದ ಭಯ ಮುಟ್ಟಿಸುತ್ತದೆ. ಬೇರೆಲ್ಲಾದರೂ ನಿಲ್ಲಿಸಿದರೆ ಆ ಬಲ ಹೋಯಿತು. ಮೋಹಿನಿಯ ಭಾಗಕ್ಕೆ ಈ ಲೂಪ್ ಒಗ್ಗದು: ಅಲ್ಲಿರುವುದು ಮೋಸ, ಮುಖಭಾವಕ್ಕೆ ಬೇರೆಯೇ ಶಾಟ್ ಬೇಕು.