ಮೂರು ಫೇಸ್ ಇದ್ದರೂ ಬೆಳಿಗ್ಗೆ ಮೇನ್ ಟ್ರಿಪ್ ಆಗುತ್ತಾ?

ಒಂದು ಮನೆ. ಮೇನ್ ಎಂಸಿಬಿ ಪ್ರತಿ ಫೇಸ್‌ಗೂ 20 ಆಂಪ್ಸ್‌ನದು. ಬೆಳಿಗ್ಗೆ ಎರಡು ಗೀಸರ್, ಇಂಡಕ್ಷನ್ ಒಲೆ, ಇಸ್ತ್ರಿಪೆಟ್ಟಿಗೆ ಎಲ್ಲ ಒಟ್ಟಿಗೆ ಓಡುತ್ತವೆ. ಕೆಲವೇ ನಿಮಿಷಕ್ಕೆ ಇಡೀ ಮನೆಯ ಕರೆಂಟ್ ಹೋಗುತ್ತದೆ.

ಲೆಕ್ಕ ಹಾಕಿ. ಗೀಸರ್‌ಗಳು 2000 ವ್ಯಾಟ್‌ನಂತೆ ಎರಡು, ಒಲೆ 2000, ಇಸ್ತ್ರಿ 1000. ಒಟ್ಟು 7000 ವ್ಯಾಟ್. 230 ವೋಲ್ಟ್‌ನಿಂದ ಭಾಗಿಸಿದರೆ ಸುಮಾರು 30 ಆಂಪ್ಸ್. ಇಷ್ಟೂ ಆರ್ ಫೇಸ್ ಮೇಲೇ ಇದೆ. ವೈ, ಬಿ ಫೇಸ್‌ಗಳಲ್ಲಿ ಬರೀ ಫ್ಯಾನು, ದೀಪ. ಮೇನ್ ಎಂಸಿಬಿಯ ಯಾವ ಒಂದು ಫೇಸ್ ಮಿತಿ ಮೀರಿದರೂ ಎಲ್ಲವೂ ಒಟ್ಟಿಗೆ ಬೀಳುತ್ತವೆ. ಅದಕ್ಕೇ ದೊಡ್ಡ ಎಂಸಿಬಿ ಹಾಕಿಸುವುದು ಪರಿಹಾರವಲ್ಲ. ಒಳಗಿನ ವೈರ್ ಬಿಸಿಯಾಗುತ್ತದೆ, ಅಷ್ಟೆ.

ಮೊದಲು ಎಲ್ಲವೂ ಓಡುತ್ತಿರುವ ಹೊತ್ತಿಗೇ ಎಲೆಕ್ಟ್ರಿಷಿಯನ್ ಕೈಯಲ್ಲಿ ಕ್ಲ್ಯಾಂಪ್ ಮೀಟರ್‌ನಿಂದ ಮೂರೂ ಫೇಸ್ ಅಳತೆ ಮಾಡಿಸಿ. ಮಧ್ಯಾಹ್ನ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಆಮೇಲೆ ವ್ಯಾಟ್ ನೋಡಿ ಅಲ್ಲ, ಹೊತ್ತು ನೋಡಿ ಹಂಚಿ. ಒಟ್ಟಿಗೆ ಓಡುವಂಥವು ಬೇರೆ ಬೇರೆ ಫೇಸ್‌ಗೆ ಹೋಗಬೇಕು. ಇಲ್ಲಿ ಒಂದು ಗೀಸರ್ ಆರ್‌ಗೆ, ಇನ್ನೊಂದು ವೈಗೆ, ಒಲೆ ಬಿಗೆ, ಇಸ್ತ್ರಿಯ ಪ್ಲಗ್ ಆರ್‌ಗೆ ಹೋಯಿತು. ಈಗ ಆರ್‌ನಲ್ಲಿ 13 ಆಂಪ್ಸ್, ಉಳಿದೆರಡರಲ್ಲಿ 9ರ ಆಸುಪಾಸು. ರಾತ್ರಿ ಓಡುವ ಎಸಿಯನ್ನು ಬಿ ಫೇಸ್‌ಗೇ ಕೊಡಬಹುದು, ಆಗ ಒಲೆ ಆಫ್ ಇರುತ್ತದೆ ಅಲ್ವಾ. ಒಂದು ಎಚ್ಚರಿಕೆ: ಒಂದೇ ಸ್ವಿಚ್ ಬೋರ್ಡ್‌ಗೆ ಎರಡು ಫೇಸ್ ತರಬೇಡಿ. ಅವುಗಳ ನಡುವೆ 400 ವೋಲ್ಟ್ ಇರುತ್ತದೆ.

ಇನ್ನು ಫೇಸ್ ಹೋದಾಗ. ಒಂದು ಫೇಸ್ ಪೂರ್ತಿ ಸತ್ತರೆ ಅದರ ಮೇಲಿನ ಫ್ರಿಜ್ ಸುಮ್ನೆ ನಿಲ್ಲುತ್ತದೆ, ಕೆಡುವುದಿಲ್ಲ. ಕೆಡುವುದು ಮೂರು ಫೇಸ್‌ನ ಪಂಪು. ಓಡುತ್ತಿದ್ದರೆ ಉಳಿದೆರಡು ಫೇಸ್‌ನಿಂದ ಜಾಸ್ತಿ ಕರೆಂಟ್ ಎಳೆಯುತ್ತಾ ಬಿಸಿಯಾಗುತ್ತದೆ, ನಿಂತಿದ್ದರೆ ಗುಂಯ್ ಎನ್ನುತ್ತದೆಯೇ ಹೊರತು ತಿರುಗುವುದಿಲ್ಲ. ಫೇಸ್ ಹೋದರೆ ಪಂಪನ್ನು ನಿಲ್ಲಿಸುವ ರಿಲೇ ಹಾಕಿಸಿ. ಫೇಸ್ ಹೋಯಿತೆಂದು ಚೇಂಜ್ ಓವರ್ ಸ್ವಿಚ್ ತಿರುಗಿಸಿ ಗೀಸರನ್ನು ಇನ್ನೊಂದು ಫೇಸ್‌ಗೆ ಹಾಕಿದರೆ ಮತ್ತೆ ಹಳೇ ಕಥೆ, ಮೇನ್ ಬೀಳುತ್ತದೆ.

ಎರಡು ಫೇಸ್‌ನಲ್ಲಿ ದೀಪ ಮಂಕಾಗಿ, ಒಂದರಲ್ಲಿ ಸರಿಯಾಗಿ ಉರಿದರೆ, ಟ್ರಾನ್ಸ್‌ಫಾರ್ಮರ್‌ಗೆ ಬರುವ ಹೈ ಟೆನ್ಷನ್ ಲೈನಿನಲ್ಲಿ ಒಂದು ಫೇಸ್ ಹೋಗಿರುವ ಸಾಧ್ಯತೆ ಇದೆ. ಆ ಎರಡಕ್ಕೆ ಸುಮಾರು 115 ವೋಲ್ಟ್ ಮಾತ್ರ ಬರುತ್ತಿರುತ್ತದೆ. ಫ್ರಿಜ್, ಎಸಿಯ ಕಂಪ್ರೆಸರ್ ತಿರುಗಲಾಗದೆ ಬಿಸಿಯಾಗುತ್ತವೆ. ತಕ್ಷಣ ಪ್ಲಗ್ ಕೀಳಿ.

ಒಂದು ಕೋಣೆಯ ದೀಪ ಅತಿಯಾಗಿ ಹೊಳೆದು ಇನ್ನೊಂದರದು ಮಂಕಾದರೆ ಫೇಸ್ ಹೋಗಿದ್ದಲ್ಲ, ನ್ಯೂಟ್ರಲ್ ಕಿತ್ತುಹೋಗಿದೆ. ಆರ್‌ನಲ್ಲಿ 2300 ವ್ಯಾಟ್‌ನ ಗೀಸರ್, ವೈನಲ್ಲಿ ಒಟ್ಟು 230 ವ್ಯಾಟ್‌ನ ಟಿವಿ, ದೀಪ ಮಾತ್ರ ಇದ್ದು ಬಿಯಲ್ಲಿ ಏನೂ ಓಡದಿದ್ದರೆ, 400 ವೋಲ್ಟ್ ಇಬ್ಬರ ನಡುವೆ ಹಂಚಿ ಗೀಸರ್‌ಗೆ ಹೆಚ್ಚುಕಡಿಮೆ 36, ಟಿವಿಗೆ 364 ವೋಲ್ಟ್ ಹೋಗುತ್ತದೆ. ಯಾವುದನ್ನೂ ಪರೀಕ್ಷಿಸುತ್ತಾ ಕೂರದೆ ಮೇನ್ ಆಫ್ ಮಾಡಿ, ಆಮೇಲೆ ಫೋನ್ ಮಾಡಿ.