ನಾಲ್ಕು ಚಿತ್ರ, ಒಂದು ಪ್ಯಾರಾ: ಮಕ್ಕಳ ಇಂಗ್ಲಿಷ್ ಸ್ಪೀಕಿಂಗ್ ಪರೀಕ್ಷೆಗೆ ಮನೆಯಲ್ಲೇ ತಯಾರಿ

ಅಣ್ಣನ ಮಗಳು ಪುಟ್ಟಿ ಮೂವರ್ಸ್ ಅನ್ನುವ ಮಕ್ಕಳ ಇಂಗ್ಲಿಷ್ ಪರೀಕ್ಷೆಗೆ ಕೂರುವ ಮೊದಲು ನಾನೇ ಒಂದು ತಪ್ಪು ಮಾಡಿದೆ. ಅಭ್ಯಾಸದ ಪುಸ್ತಕದಲ್ಲಿದ್ದ ಗಾಳಿಪಟದ ಕಥೆಯನ್ನು ಅವಳಿಗೆ ಬಾಯಿಪಾಠ ಮಾಡಿಸಿದೆ. ತೀರ್ಥಹಳ್ಳಿ ಕಡೆಯ ಮಳೆ, ಕರೆಂಟಿಲ್ಲ, ಬೇರೆ ಕೆಲಸವೂ ಇಲ್ಲ, ನಾಲ್ಕು ದಿನ ಅದನ್ನೇ ಹೇಳಿಸಿದ್ದೆ. ಪರೀಕ್ಷೆಯಲ್ಲಿ ಬಂದದ್ದು ನಾಯಿ ಕಥೆ. ಇವಳು ಚಿತ್ರದಲ್ಲಿ ಇಲ್ಲದ ಗಾಳಿಪಟವನ್ನು ಹಾರಿಸಿ ಬಂದಳು.

ಆಮೇಲೆ ಶಿವಮೊಗ್ಗದಲ್ಲಿ ಮನೆಪಾಠ ಹೇಳುವಾಗ ಬಾಯಿಪಾಠ ಬಿಟ್ಟೆ. ಈಗ ಮಾಡುವ ಕ್ರಮ ಹೀಗಿದೆ.

ಮೊದಲು ನಿಮ್ಮ ಮಗುವಿನ ಪರೀಕ್ಷೆ ಯಾವುದು ಅಂತ ಸರಿಯಾಗಿ ತಿಳಿದುಕೊಳ್ಳಿ. ಎಲ್ಲವೂ ‘ಸ್ಪೋಕನ್ ಇಂಗ್ಲಿಷ್ ಸರ್ಟಿಫಿಕೇಟ್’ ಅಂತಲೇ ಹೇಳಿಕೊಳ್ಳುತ್ತವೆ, ಒಳಗಿರುವುದು ಮಾತ್ರ ಬೇರೆ ಬೇರೆ. ಕೇಂಬ್ರಿಜ್‌ನವರ ಮಕ್ಕಳ ಪರೀಕ್ಷೆಗಳಲ್ಲಿ ಸ್ಟಾರ್ಟರ್ಸ್, ಮೂವರ್ಸ್, ಫ್ಲೈಯರ್ಸ್ ಅಂತ 3 ಹಂತ ಇವೆ. ಅದರ ಸ್ಪೀಕಿಂಗ್‌ನಲ್ಲಿ ಚಿತ್ರ ಇರುತ್ತದೆ, ಗಟ್ಟಿಯಾಗಿ ಓದುವುದು ಇರುವುದಿಲ್ಲ. ಬೇರೆ ಕೆಲವು ಸಂಸ್ಥೆಗಳ ಪರೀಕ್ಷೆಯಲ್ಲಿ ಒಂದು ಪ್ಯಾರಾ ಕೊಟ್ಟು ಓದಿಸುತ್ತಾರೆ. ಆಯಾ ಸಂಸ್ಥೆಯ ಮಾದರಿ ಪತ್ರಿಕೆ ನೋಡದೆ ಶುರು ಮಾಡಬೇಡಿ, ಸುಮ್ನೆ ಎರಡು ತಿಂಗಳು ಓದಿಸಿ ಕೊನೆಗೆ ಅದು ಇರಲೇ ಇಲ್ಲ ಅಂತಾದರೆ ಮಗುವಿಗೂ ಬೇಜಾರು.

ಈಗ ಚಿತ್ರ. ಮೂವರ್ಸ್ ಸ್ಪೀಕಿಂಗ್ 5ರಿಂದ 7 ನಿಮಿಷ. ಅದರಲ್ಲಿ ಒಂದು ಭಾಗ ನಾಲ್ಕು ಚಿತ್ರದ ಕಥೆ. ಪರೀಕ್ಷಕರು ಕಥೆಯ ಹೆಸರು ಹೇಳಿ, ಮೊದಲು ಚಿತ್ರಗಳನ್ನು ನೋಡು ಅನ್ನುತ್ತಾರೆ. ಮೊದಲನೇ ಚಿತ್ರದ ಬಗ್ಗೆ ಅವರೇ ಒಂದೆರಡು ಮಾತು ಹೇಳುತ್ತಾರೆ. ಆಮೇಲೆ ಉಳಿದ ಮೂರು ಮಗುವಿನ ಪಾಲಿಗೆ. ಇಲ್ಲಿ ಅಪ್ಪ ಅಮ್ಮಂದಿರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ: ಮಗು ಚೆಂದದ ಕಥೆ ಕಟ್ಟುತ್ತದಾ ಅಂತ ಯಾರೂ ನೋಡುವುದಿಲ್ಲ. ಒಂದೊಂದು ಚಿತ್ರಕ್ಕೂ ಒಂದೆರಡು ಸರಳ ವಾಕ್ಯ ಬಂದರೆ ಆಯಿತು. ‘ಒನ್ಸ್ ಅಪಾನ್ ಎ ಟೈಮ್’ ಬೇಡ, ಭೂತಕಾಲವೂ ಬೇಡ. ‘ದೇರ್ ಈಸ್’, ‘ಹ್ಯಾಸ್’, ‘ಕ್ಯಾನ್’, ಮತ್ತೆ ‘ಈಸ್’ ಜೊತೆಗೆ ‘ಇಂಗ್’, ಇಷ್ಟರಲ್ಲೇ ಹೆಚ್ಚುಕಡಿಮೆ ಎಲ್ಲವನ್ನೂ ಹೇಳಬಹುದು.

ಒಂದು ಕಥೆ ಮಾಡಿ ನೋಡೋಣ. ಇದನ್ನು ನಾನೇ ಬಿಳಿ ಹಾಳೆ ಮೇಲೆ ಗೀಚಿದ್ದು. ಒಂದು: ಅಜ್ಜ, ಮೊಮ್ಮಗಳು ಬಸ್ ಸ್ಟಾಪಿನಲ್ಲಿ, ಪಕ್ಕದಲ್ಲಿ ಬಾಳೆಹಣ್ಣಿನ ಬುಟ್ಟಿ. ಎರಡು: ಅಜ್ಜನಿಗೆ ನಿದ್ದೆ, ಮಂಗ ಬಂತು. ಮೂರು: ಮಂಗ ಹಣ್ಣು ಎತ್ತಿಕೊಂಡು ಓಡುತ್ತಿದೆ, ಹುಡುಗಿ ಹಿಂದೆ. ನಾಲ್ಕು: ಮಂಗ ಬಸ್ಸಿನ ಮೇಲೆ, ಎಲ್ಲರೂ ನಗುತ್ತಿದ್ದಾರೆ.

ಮೊದಲ ಸುತ್ತು ಕನ್ನಡದಲ್ಲೇ. ‘ಯಾರಿದಾರೆ? ಏನು ಮಾಡ್ತಿದಾರೆ? ಮುಖ ಹೇಗಿದೆ?’ ಈ ಮೂರೇ ಪ್ರಶ್ನೆ. ನಮ್ಮ ಮಕ್ಕಳಿಗೆ ಮಂಗನ ಕಾಟ ಹೊಸದಲ್ಲ, ಬಾಯಿ ತಾನಾಗಿ ಬಿಡುತ್ತದೆ. ಎರಡನೇ ಸುತ್ತು ಇಂಗ್ಲಿಷಿನಲ್ಲಿ, ಆಗ ಸಾಮಾನ್ಯವಾಗಿ ಬರುವುದು ಇದು: ‘ತಾತ. ಸ್ಲೀಪ್. ಮಂಕಿ. ಬನಾನ.’ ಸಾಮಾನಿನ ಪಟ್ಟಿ ಓದಿದ ಹಾಗೆ. ಬೈಯಬೇಡಿ, ಮಗುವಿನ ಮಾತನ್ನೇ ಎತ್ತಿಕೊಂಡು ಪ್ರಶ್ನೆ ಕೇಳಿ. ‘ಹೂ ಈಸ್ ಸ್ಲೀಪಿಂಗ್?’ ಅಂದರೆ ‘ಗ್ರ್ಯಾಂಡ್‌ಫಾದರ್ ಸ್ಲೀಪಿಂಗ್’ ಅನ್ನುತ್ತದೆ. ‘ಈಸ್’ ಬಿಟ್ಟುಹೋಯಿತು. ‘ಮನೆ ದೊಡ್ಡದು’ ಅನ್ನುವಾಗ ನಮಗೆ ಆ ಪದವೇ ಬೇಡ ಅಲ್ವಾ, ಹಾಗಾಗಿ ಅದು ಜಾರುತ್ತದೆ. ನಾನು ‘ಈಸ್’ ಬಂದಾಗ ಮೇಜಿಗೆ ಒಂದು ತಟ್ಟು ತಟ್ಟಿಸುತ್ತೇನೆ. ತಟ್ಟು ಕೇಳಿಸಲಿಲ್ಲ ಅಂದರೆ ಮಗುವೇ ನಿಂತು ಸರಿ ಮಾಡಿಕೊಳ್ಳುತ್ತದೆ.

ಇನ್ನೊಂದು ಜಾರುವುದು ‘ಮೇಲೆ’, ‘ಒಳಗೆ’ಗಳಲ್ಲಿ. ನಮ್ಮಲ್ಲಿ ‘ಬಸ್ಸಿನ ಮೇಲೆ’, ಅಲ್ಲಿ ‘ಆನ್ ದ ಬಸ್’, ತಿರುಗುಮುರುಗು. ಅಡಿಕೆ ಸುಲಿಯುವ ಅಂಗಳದಲ್ಲೇ ಇದನ್ನು ಆಡಿಸಬಹುದು: ‘ಆನ್ ದ ಮ್ಯಾಟ್’, ‘ಇನ್ ದ ಬಾಸ್ಕೆಟ್’, ‘ಅಂಡರ್ ದ ಚೇರ್’ ಅಂತ ಒಂದು ಅಡಿಕೆ ಇಟ್ಟು ಹೇಳಿಸುವುದು.

ಕೊನೆಗೆ ನಮ್ಮ ಕಥೆ ಇಷ್ಟಾಯಿತು: ‘ಗ್ರ್ಯಾಂಡ್‌ಫಾದರ್ ಈಸ್ ಸ್ಲೀಪಿಂಗ್. ದೇರ್ ಈಸ್ ಎ ಮಂಕಿ. ದ ಮಂಕಿ ಹ್ಯಾಸ್ ಗಾಟ್ ದ ಬನಾನಾಸ್. ದ ಗರ್ಲ್ ಈಸ್ ರನ್ನಿಂಗ್. ದ ಮಂಕಿ ಈಸ್ ಆನ್ ದ ಬಸ್. ದೇ ಆರ್ ಲಾಫಿಂಗ್.’ ಆರು ವಾಕ್ಯ. ಆ ಹಂತಕ್ಕೆ ಇದು ಧಾರಾಳ ಸಾಕು.

ಮಧ್ಯದಲ್ಲಿ ಮಾತು ನಿಂತರೆ? ಪರೀಕ್ಷಕರೇ ಸಣ್ಣ ಪ್ರಶ್ನೆ ಕೇಳಿ ದಾರಿ ತೋರಿಸುತ್ತಾರೆ, ಅದು ಅವರ ಕೆಲಸ. ನೋಡುವುದು ಪದ ಮತ್ತು ವ್ಯಾಕರಣ, ಉಚ್ಚಾರಣೆ, ಜೊತೆಗೆ ಮಾತಿಗೆ ಮಾತು ಕೊಡುವುದು. ಹಾಗಾಗಿ ‘ಸಾರಿ, ಐ ಡೋಂಟ್ ಅಂಡರ್‌ಸ್ಟ್ಯಾಂಡ್’ ಅನ್ನುವುದನ್ನು ಕಲಿಸಿಡಿ, ಬಾಯಿ ಮುಚ್ಚಿ ಕೂರುವುದಕ್ಕಿಂತ ಅದು ಎಷ್ಟೋ ವಾಸಿ. ಒಳಗೆ ಹೋಗುವ ಮೊದಲು ಅಷರ್ ಅಂತ ಒಬ್ಬರು ಮಗುವಿನ ಭಾಷೆಯಲ್ಲೇ ಏನೇನು ಮಾಡಬೇಕು ಅಂತ ವಿವರಿಸುತ್ತಾರೆ. ಫೇಲ್ ಅನ್ನುವುದೂ ಇಲ್ಲ, ಸ್ಪೀಕಿಂಗ್‌ಗೆ 5ರವರೆಗೆ ಶೀಲ್ಡ್ ಕೊಡುತ್ತಾರೆ ಅಷ್ಟೆ.

ಗಟ್ಟಿಯಾಗಿ ಓದುವುದು ಬೇರೆಯದೇ ಕಸರತ್ತು. ಇಲ್ಲಿ ಮಾತು ಹುಡುಕುವ ಕೆಲಸ ಇಲ್ಲ, ಎದುರಿಗೇ ಇದೆ, ಆದರೆ ನಮ್ಮ ಕನ್ನಡದ ನಾಲಿಗೆ ಅಲ್ಲಿ ಎದ್ದು ಕಾಣುತ್ತದೆ. ಈ ಒಂದು ವಾಕ್ಯ ತಗೊಳ್ಳಿ: ‘ದ ಓಲ್ಡ್ ಮ್ಯಾನ್ ವಾಕ್ಟ್ ಟು ದ ಬಸ್ ಸ್ಟಾಪ್, ಬಟ್ ದ ಬಸ್ ವಾಸ್ ಲೇಟ್.’ ಪುಟ್ಟಿ ಓದಿದ್ದು: ‘ದಿ ವೋಲ್ಡು ಮ್ಯಾನು ವಾಕೆಡ್ ಟು ದಿ ಬಸ್ಸು / ಸ್ಟಾಪು ಬಟ್ಟು...’ ಗೆರೆ ಹಾಕಿದ ಕಡೆ ಪುಸ್ತಕದ ಸಾಲು ಮುಗಿದಿತ್ತು, ಅವಳೂ ಅಲ್ಲಿ ಉಸಿರು ಬಿಟ್ಟಳು.

ಮೂರು ತೊಂದರೆ ಇದೆ, ಒಂದೊಂದಾಗಿ ಹಿಡಿಯಿರಿ.

ಪದದ ಕೊನೆಯ ‘ಉ’. ಕನ್ನಡದ ಮಾತು ಸ್ವರದಲ್ಲಿ ಮುಗಿಯುವುದೇ ಜಾಸ್ತಿ, ಬಸ್ ಕೂಡ ಬಸ್ಸು ಆಗಿಬಿಟ್ಟಿದೆ. ಕನ್ನಡಿ ಮುಂದೆ ನಿಲ್ಲಿಸಿ. ‘ಮ್ಯಾನು’ ಅಂದರೆ ಕೊನೆಯಲ್ಲಿ ತುಟಿ ಗುಂಡಗಾಗುತ್ತದೆ. ‘ಮ್ಯಾನ್’ ಅಂದರೆ ನಾಲಿಗೆ ಮೇಲಕ್ಕೆ ಅಂಟಿ ಅಲ್ಲೇ ನಿಲ್ಲುತ್ತದೆ, ತುಟಿ ಅಲುಗುವುದಿಲ್ಲ. ಕಿವಿಗೆ ಗೊತ್ತಾಗದ್ದು ಕಣ್ಣಿಗೆ ಗೊತ್ತಾಗುತ್ತದೆ.

‘ಇಡಿ’ ಬಾಲದ ಪದಗಳು. ‘ವಾಕೆಡ್’ ಅಲ್ಲ, ‘ವಾಕ್ಟ್’. ‘ಪ್ಲೇಯೆಡ್’ ಅಲ್ಲ, ‘ಪ್ಲೇಡ್’. ‘ವಾಂಟಿಡ್’, ‘ನೀಡಿಡ್’ ಅಂತ ಪೂರ್ತಿ ಹೇಳುವುದು ಮೂಲ ಪದ ‘ಟ್’ ಅಥವಾ ‘ಡ್’ ಸದ್ದಿನಲ್ಲಿ ಮುಗಿದರೆ ಮಾತ್ರ. ಪ್ಯಾರಾದಲ್ಲಿರುವ ಇಂಥ ಪದಗಳಿಗೆ ಮೊದಲೇ ಪೆನ್ಸಿಲಿನಲ್ಲಿ ಸುತ್ತು ಹಾಕಿಸಿ.

ಮೂರನೆಯದು ನಿಲ್ಲುವ ಜಾಗ. ‘ಬಸ್ ಸ್ಟಾಪ್’ ಒಂದೇ ಉಸಿರಿನಲ್ಲಿ ಬರಬೇಕು. ಅರ್ಥ ಮುಗಿಯುವ ಕಡೆ ಪೆನ್ಸಿಲಿನಲ್ಲಿ ಓರೆ ಗೆರೆ ಹಾಕಿ: ‘ದ ಓಲ್ಡ್ ಮ್ಯಾನ್ / ವಾಕ್ಟ್ ಟು ದ ಬಸ್ ಸ್ಟಾಪ್, / ಬಟ್ ದ ಬಸ್ ವಾಸ್ ಲೇಟ್.’ ಎರಡು ದಿನ ಗೆರೆ ನೋಡಿ ಓದಲಿ, ಮೂರನೇ ದಿನ ಅಳಿಸಿ. ಪರೀಕ್ಷೆಯ ಹಾಳೆಯಲ್ಲಿ ಗೆರೆ ಇರುವುದಿಲ್ಲವಲ್ಲ. ವೇಗವಾಗಿ ಓದಿದರೆ ಚೆನ್ನಾಗಿ ಓದಿದ ಹಾಗೆ ಅನ್ನುವ ಭ್ರಮೆ ನಮ್ಮಲ್ಲಿ ಬಹಳ ಇದೆ, ಗಡಿಬಿಡಿ ಮಾಡಿದಷ್ಟೂ ಪದದ ಬಾಲ ನುಂಗಿಹೋಗುತ್ತದೆ. ಹಾಗಂತ ಬ್ರಿಟಿಷರ ಹಾಗೆ ಮಾತಾಡಿಸಲು ಹೋಗಬೇಡಿ. ನಮ್ಮ ಧಾಟಿ ಇದ್ದರೆ ಇರಲಿ, ಕೇಳಿದವರಿಗೆ ಯಾವ ಪದ ಅಂತ ಗೊತ್ತಾದರೆ ಸಾಕು.

ಇದನ್ನು ಪರೀಕ್ಷಿಸಲು ನಾನು ಫೋನಿನಲ್ಲಿ ರೆಕಾರ್ಡ್ ಮಾಡಿ, ಪ್ಯಾರಾ ನೋಡದವರಿಗೆ ಕೇಳಿಸುತ್ತೇನೆ. ಪುಟ್ಟಿಯದನ್ನು ಅವಳ ಅತ್ತಿಗೆ ಕೇಳಿ ‘ಮುದುಕ ಬಸ್ ಸ್ಟಾಪಿಗೆ ಹೋದ, ಬಸ್ ಲೇಟು’ ಅಂದಳು. ಒಂದು ವಾರದ ಹಿಂದಿನ ರೆಕಾರ್ಡ್ ಕೇಳಿಸಿದಾಗ ಅದೇ ಅತ್ತಿಗೆ ‘ವಾಕೆಡ್ ಅಂದ್ರೆ ಯಾವ ಊರೇ?’ ಅಂತ ಕೇಳಿದ್ದಳು.