ಇಪಿಎಸ್ ತಾಳೆ ಆಗುತ್ತಿಲ್ಲವೇ? ಲಾಭ ಬಿಡಿ, ಮೊದಲು ಷೇರು ಎಣಿಸಿ

ಇಪಿಎಸ್ ಅಂದರೆ ಕಂಪನಿಯ ಲಾಭವನ್ನು ಷೇರುಗಳ ಸಂಖ್ಯೆಯಿಂದ ಭಾಗಿಸಿದಾಗ ಒಂದು ಷೇರಿಗೆ ಬರುವ ಲಾಭ. ಫಲಿತಾಂಶ ಬಂದ ದಿನ ಕ್ಯಾಲ್ಕುಲೇಟರ್ ಹಿಡಿದು ಕೂತು, "ಕಂಪನಿ ಹಾಕಿರೋ ಇಪಿಎಸ್ಸೇ ತಪ್ಪು" ಅಂತ ಘೋಷಿಸುವವರನ್ನು ಬಹಳ ನೋಡಿದ್ದೇನೆ. ಹತ್ತರಲ್ಲಿ ಒಂಬತ್ತು ಸಲ ಕಂಪನಿ ಸರಿಯಾಗೇ ಇರುತ್ತದೆ. ಇವರು ಭಾಗಿಸಿದ ಷೇರುಗಳ ಸಂಖ್ಯೆ ತಪ್ಪಿರುತ್ತದೆ. ಒಂದು ಕಾಲ್ಪನಿಕ ಕಂಪನಿ ಇಟ್ಟುಕೊಂಡು ಲೆಕ್ಕ ಮಾಡೋಣ. ಹಣ ಯಾವ ದೇಶದ್ದಾದರೂ ಆಗಬಹುದು.

ಹಂತ 1: ಸರಿಯಾದ ಲಾಭ ಹುಡುಕಿ. ಸಾರಾಂಶದಲ್ಲಿ ದಪ್ಪಕ್ಷರದಲ್ಲಿರುವ ನಿವ್ವಳ ಲಾಭ 136 ಕೋಟಿ. ಅದನ್ನು ತೆಗೆದುಕೊಳ್ಳಬೇಡಿ. ಅಂಗಸಂಸ್ಥೆಗಳಲ್ಲಿ ಬೇರೆಯವರಿಗೆ ಸೇರಿದ ಪಾಲು 10 ಕೋಟಿ ಅದರೊಳಗಿದೆ. ಕೆಳಗೆ ಸಣ್ಣಕ್ಷರದಲ್ಲಿ 'ಮಾತೃ ಕಂಪನಿಯ ಮಾಲೀಕರಿಗೆ ಸೇರಿದ ಲಾಭ' ಅಂತ 126 ಕೋಟಿ ಇರುತ್ತದಲ್ಲ, ಅದೇ ಬೇಕಾದ್ದು. ಪ್ರಿಫರೆನ್ಸ್ ಷೇರುಗಳಿದ್ದರೆ ಅವುಗಳ ಡಿವಿಡೆಂಡ್ ಕೂಡ ಕಳೆಯಿರಿ. ನಮ್ಮ ಕಂಪನಿಯಲ್ಲಿ ಇಲ್ಲ.

ಹಂತ 2: ಷೇರುಗಳ ಸರಾಸರಿ. ಎಲ್ಲರೂ ಎಡವುವುದು ಇಲ್ಲೇ. ಪಾವತಿಯಾದ ಬಂಡವಾಳ 120 ಕೋಟಿ, ಮುಖಬೆಲೆ 10, ಹಾಗಾಗಿ 12 ಕೋಟಿ ಷೇರು ಅಂತ ಥಟ್ಟನೆ ಭಾಗಿಸಿಬಿಡುತ್ತಾರೆ. 126ನ್ನು 12ರಿಂದ ಭಾಗಿಸಿದರೆ 10.50. ಕಂಪನಿ ಹಾಕಿರುವುದು 12.00. ಅಲ್ಲಿಂದ ಶುರು ಗಲಾಟೆ.

ಆ 12 ಕೋಟಿ ವರ್ಷದ ಕೊನೆಯ ದಿನದ ಸಂಖ್ಯೆ. ವರ್ಷದ ಆರಂಭದಲ್ಲಿ ಇದ್ದದ್ದು 10 ಕೋಟಿ ಷೇರು. ಉಳಿದ 2 ಕೋಟಿಯನ್ನು ವರ್ಷ ಮುಗಿಯಲು 3 ತಿಂಗಳಿರುವಾಗ ಹಣ ಪಡೆದು ಹೊಸದಾಗಿ ಕೊಟ್ಟರು. ಆ ಹಣ ಕಂಪನಿಯಲ್ಲಿ ದುಡಿದದ್ದು ಮೂರೇ ತಿಂಗಳು, ಹಾಗಾಗಿ ಆ ಷೇರುಗಳಿಗೂ ಅಷ್ಟೇ ತೂಕ. 2 ಕೋಟಿಗೆ 12ರಲ್ಲಿ 3 ಭಾಗ ಅಂದರೆ 0.5 ಕೋಟಿ. ಒಟ್ಟು ಸರಾಸರಿ 10.5 ಕೋಟಿ. ಈಗ 126ನ್ನು ಭಾಗಿಸಿ ನೋಡಿ, 12.00 ಸರಿಯಾಗಿ ಬರುತ್ತದೆ. (ಕಂಪನಿಗಳು ಸಾಮಾನ್ಯವಾಗಿ ದಿನಗಳ ಲೆಕ್ಕ ಹಾಕುತ್ತವೆ, ಎರಡನೇ ದಶಮಾಂಶದಲ್ಲಿ ಸ್ವಲ್ಪ ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ.)

ಬೋನಸ್ ಷೇರು, ಅಂದರೆ ಇರುವ ಷೇರುದಾರರಿಗೆ ಪುಕ್ಕಟೆಯಾಗಿ ಕೊಡುವ ಷೇರು ಬಂದರೆ ಮಾತ್ರ ನಿಯಮ ಉಲ್ಟಾ. ಬೋನಸ್‌ನಿಂದ ಕಂಪನಿಗೆ ಒಂದು ಪೈಸೆಯೂ ಬರುವುದಿಲ್ಲ, ಆದ್ದರಿಂದ ತಿಂಗಳ ತೂಕ ಇಲ್ಲ. ಆ ಷೇರುಗಳು ಮೊದಲಿನಿಂದಲೂ ಇದ್ದವು ಅಂತಲೇ ಲೆಕ್ಕ. ಒಂದಕ್ಕೊಂದು ಬೋನಸ್ ಆದರೆ ಸರಾಸರಿ 21 ಕೋಟಿ, ಇಪಿಎಸ್ 6.00. ಹಿಂದಿನ ವರ್ಷದ ಇಪಿಎಸ್ ಕೂಡ ಅರ್ಧ ಆಗಲೇಬೇಕು. ಪಕ್ಕದ ಕಾಲಂನಲ್ಲಿ ಅದು ಹಳೆಯ ಅಂಕಿಯೇ ಇದ್ದರೆ ಅನುಮಾನ ಪಡಿ. ವರ್ಷ ಮುಗಿದ ಮೇಲೆ, ಆದರೆ ಫಲಿತಾಂಶಕ್ಕೆ ಒಪ್ಪಿಗೆ ಸಿಗುವ ಮೊದಲು ಬೋನಸ್ ಕೊಟ್ಟರೂ ಇದೇ ನಿಯಮ.

ಹಂತ 3: ಡೈಲ್ಯೂಟೆಡ್ ಇಪಿಎಸ್ ನೋಡಿ, ಅಂದರೆ ಮುಂದೆ ಹುಟ್ಟಬಹುದಾದ ಷೇರುಗಳನ್ನೂ ಸೇರಿಸಿ ಲೆಕ್ಕ ಹಾಕಿದ್ದು. ಅದು ನಾವು ಈಗ ಲೆಕ್ಕ ಹಾಕಿದ ಬೇಸಿಕ್ ಇಪಿಎಸ್‌ಗಿಂತ ಜಾಸ್ತಿ ಇರಬಾರದು. ಇದ್ದರೆ ಎಲ್ಲೋ ತಪ್ಪಿದೆ.

ಹಂತ 4: ಪಿಇ, ಅಂದರೆ ಷೇರು ಬೆಲೆಯನ್ನು ಇಪಿಎಸ್‌ನಿಂದ ಭಾಗಿಸಿದರೆ ಸಿಗುವ ಅಂಕಿ. ಷೇರು ಬೆಲೆ 240, ಇಪಿಎಸ್ 12, ಪಿಇ 20. ಭಾಗಾಕಾರ ಸುಲಭ, ಆದರೆ ಎರಡೂ ಅಂಕಿ ಒಂದೇ ನೆಲೆಯಲ್ಲಿರಬೇಕು. ಆ ಒಂದಕ್ಕೊಂದು ಬೋನಸ್ ಆದ ಮೇಲೆ ಬೆಲೆ ಸುಮಾರು 120ಕ್ಕೆ ಇಳಿಯುತ್ತದೆ. ಕೆಲವು ಉಚಿತ ಆ್ಯಪ್‌ಗಳು ಹೊಸ ಬೆಲೆಯನ್ನು ಹಳೆಯ 12ರಿಂದಲೇ ಭಾಗಿಸಿ ಪಿಇ 10 ಅಂತ ತೋರಿಸುತ್ತವೆ. ಷೇರು ಅರ್ಧ ಬೆಲೆಗೆ ಸಿಗ್ತಿದೆ ಅಂತ ಜನ ಖುಷಿ ಪಡುತ್ತಾರೆ. ಪಿಇ ಒಂದೇ ರಾತ್ರಿಯಲ್ಲಿ ಅರ್ಧ ಆಗಿದ್ದರೆ ಮೊದಲು ಬೋನಸ್ ಅಥವಾ ಒಂದು ಷೇರನ್ನು ಹಲವಾಗಿ ಒಡೆಯುವ ಸ್ಪ್ಲಿಟ್ ಆಗಿದೆಯಾ ನೋಡಿ. ನಾನಂತೂ ಆ್ಯಪ್‌ನ ಪಿಇ ನಂಬುವುದಿಲ್ಲ, ಕೈಯಾರೆ ಭಾಗಿಸುತ್ತೇನೆ, ನೀವೂ ಹಾಗೇ ಮಾಡಿ.

ಇನ್ನೊಂದು ಸೋಮಾರಿ ದಾರಿ: ಮೂರು ತಿಂಗಳ ಇಪಿಎಸ್ ತಗೊಂಡು ನಾಲ್ಕರಿಂದ ಗುಣಿಸುವುದು. ಹಬ್ಬದ ಸೀಸನ್ನಿನಲ್ಲೇ ದುಡಿಯುವ ಕಂಪನಿಗೆ ಇದು ಪೂರಾ ಸುಳ್ಳು ಹೇಳುತ್ತದೆ. ಕಳೆದ ನಾಲ್ಕು ತ್ರೈಮಾಸಿಕಗಳ ಇಪಿಎಸ್ ಕೂಡಿಸಿ. ನಡುವೆ ಷೇರುಗಳ ಸಂಖ್ಯೆ ಬದಲಾಗಿದ್ದರೆ ಆ ಮೊತ್ತ ವಾರ್ಷಿಕ ಅಂಕಿಗೆ ಪೂರ್ತಿ ಹೊಂದದೆ ಹೋಗಬಹುದು, ಅದು ತಪ್ಪಲ್ಲ.

ಹಂತ 5: ಒಂದೇ ಸಲದ ಲಾಭ. 'ವಿಶೇಷ ಬಾಬ್ತು' ಅನ್ನೋ ಸಾಲು ಮತ್ತು ಅಡಿಟಿಪ್ಪಣಿ ಓದಿ. ನಮ್ಮ ಕಂಪನಿ ಜಾಗ ಮಾರಿ, ತೆರಿಗೆ ಕಳೆದು 36 ಕೋಟಿ ಗಳಿಸಿತ್ತು ಅಂದುಕೊಳ್ಳಿ. ಅದನ್ನು ತೆಗೆದರೆ ಉಳಿಯುವುದು 90 ಕೋಟಿ, ಇಪಿಎಸ್ 8.57, ಅದೇ 240ರ ಬೆಲೆಗೆ ಪಿಇ 28. ಸಾರಾಂಶದ 20 ಸುಳ್ಳಲ್ಲ, ಆದರೆ ಆ ಜಾಗವನ್ನು ಮುಂದಿನ ವರ್ಷ ಮತ್ತೆ ಮಾರಲಾಗುವುದಿಲ್ಲ ಅಲ್ವಾ? ಎರಡೂ ಅಂಕಿ ಬರೆದಿಟ್ಟುಕೊಳ್ಳಿ.

ಕಂಪನಿ ನಷ್ಟದಲ್ಲಿದ್ದರೆ ಪಿಇ ಲೆಕ್ಕಕ್ಕೆ ಹೋಗಲೇಬೇಡಿ. ಮೈನಸ್ ಪಿಇಗೆ ಅರ್ಥವಿಲ್ಲ, ಆ ಜಾಗ ಖಾಲಿ ಬಿಡಿ.